ಕಾರ್ಡ್ ಉಳಿದರೂ ಸೆಟ್ಟಿಂಗ್ ಉಳಿಯಲ್ಲ: ಪಿಎಲ್‌ಸಿ ಬ್ಯಾಕಪ್‌ನಲ್ಲಿ ಕಲಿತದ್ದು

ನಮ್ಮ ಪ್ಲಾಂಟ್‌ನಲ್ಲಿ ಎಣ್ಣೆ ತುಂಬುವ ಲೈನ್‌ಗಳು ಹಲವಾರಿವೆ. ಹೆಚ್ಚಿನವು ಸೀಮೆನ್ಸ್ S7-1500 ಪಿಎಲ್‌ಸಿ ಮೇಲೆ ಓಡುತ್ತವೆ. ಪಿಎಲ್‌ಸಿ ಅಂದರೆ ಮೆಷಿನ್ ನಡೆಸುವ ಕಂಪ್ಯೂಟರ್. ಎಲ್ಲದರ ಪ್ರೋಗ್ರಾಂ ಸರ್ವರ್‌ನಲ್ಲಿ ಇದ್ದರೆ ಬ್ಯಾಕಪ್ ಕೆಲಸ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಒಂದು ಸಿಪಿಯು ಸುಟ್ಟಾಗ ಅದು ಅರ್ಧ ಕೆಲಸ ಮಾತ್ರ ಅಂತ ಗೊತ್ತಾಯಿತು.

ರಾತ್ರಿ ಪಾಳಿಯಲ್ಲಿ ಪ್ಯಾನೆಲ್‌ನ 24 ವೋಲ್ಟ್ ಸಪ್ಲೈ ಕೆಟ್ಟು ಸಿಪಿಯು ಹೋಯಿತು. ಮೇಂಟೆನೆನ್ಸ್ ಹುಡುಗರು ಸ್ಟೋರ್‌ನಿಂದ ಅದೇ ಮಾದರಿಯ, ಅದೇ ಫರ್ಮ್‌ವೇರ್‌ನ ಸಿಪಿಯು ತಂದು, ಹಳೆಯದರ ಮೆಮೊರಿ ಕಾರ್ಡ್ ತೆಗೆದು ಇದಕ್ಕೆ ಹಾಕಿದರು. ಸರಿಯಾದ ಕೆಲಸವೇ. ಪ್ರೋಗ್ರಾಂ ಇರುವುದು ಆ ಕಾರ್ಡ್‌ನಲ್ಲಿ. ಮೆಷಿನ್ ತಕ್ಷಣ ಓಡಿತು. ಸ್ವಲ್ಪ ಹೊತ್ತಿಗೆ ಆಪರೇಟರ್ ಫೋನ್ ಮಾಡಿದರು: "ಸರ್, ಲೈನ್ ಓಡ್ತಿದೆ, ಆದ್ರೆ ಚೆಕ್‌ವೇಯರ್ ಬಾಟಲಿಗಳನ್ನ ಹೊರಗೆ ತಳ್ತಾನೇ ಇದೆ."

ಚೆಕ್‌ವೇಯರ್ ಅಂದರೆ ಪ್ರತಿ ಬಾಟಲಿಯ ತೂಕ ನೋಡಿ, ಸರಿಯಿಲ್ಲದ್ದನ್ನು ಹೊರಗೆ ತಳ್ಳುವ ಯಂತ್ರ. ಕಾರಣ ಹೀಗಿದೆ. ಪ್ರತಿ ನಾಜಲ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವ ಸಮಯ ಒಂದು ಡೇಟಾ ಬ್ಲಾಕ್‌ನಲ್ಲಿರುತ್ತದೆ. ಅದರಲ್ಲಿ ಎರಡು ಬೆಲೆಗಳಿವೆ. ಒಂದು `Start value`. ಇದು ಪ್ರೋಗ್ರಾಂನ ಭಾಗ, ಕಾರ್ಡ್‌ನಲ್ಲಿರುತ್ತದೆ. ಇನ್ನೊಂದು ಈಗ ನಿಜವಾಗಿ ಓಡುತ್ತಿರುವ ಬೆಲೆ, ಅಂದರೆ ಆಪರೇಟರ್ ಸ್ಕ್ರೀನ್‌ನಿಂದ ತಿದ್ದಿದ್ದು. ಕರೆಂಟ್ ಹೋದರೂ ಇದು ಉಳಿಯುವಂತೆ ಇಟ್ಟಿರುತ್ತೇವೆ. ಆದರೆ ಇದು ಉಳಿಯುವುದು ಸಿಪಿಯು ಒಳಗಿನ ಮೆಮೊರಿಯಲ್ಲಿ, ಕಾರ್ಡ್‌ನಲ್ಲಿ ಅಲ್ಲ. ಸಿಪಿಯು ಸತ್ತರೆ ಇದೂ ಸತ್ತಂತೆ.

ಮೆಷಿನ್ ಕಟ್ಟಿದವರು ಎಲ್ಲ ನಾಜಲ್‌ಗೂ ಶುರುವಿನಲ್ಲಿ 4200 ಮಿಲಿಸೆಕೆಂಡ್ ಕೊಟ್ಟಿದ್ದರು. ವಾಲ್ವ್ ಸವೆದಂತೆ ಆಪರೇಟರ್‌ಗಳು ಒಂದೊಂದನ್ನೂ ತಿದ್ದುತ್ತಾ ಬಂದಿದ್ದರು. ಒಂದು ನಾಜಲ್ 4350ಕ್ಕೆ ಬಂದು ನಿಂತಿತ್ತು. ಅದು 4200ಕ್ಕೆ ಮರಳಿದ್ದರಿಂದ ಸುಮಾರು 910 ಗ್ರಾಂ ತೂಗಬೇಕಾದ ಒಂದು ಲೀಟರ್ ಎಣ್ಣೆಯಲ್ಲಿ 31 ಗ್ರಾಂ ಕಡಿಮೆ. ಪ್ರೋಗ್ರಾಂ ಪೂರ್ತಿ ಸರಿ, ಒಂದು ಎಚ್ಚರಿಕೆಯ ದೀಪವೂ ಇಲ್ಲ. ಚೆಕ್‌ವೇಯರ್ ಇಲ್ಲದ ಲೈನ್ ಆಗಿದ್ದರೆ ಮಾಲು ಹೊರಗೆ ಹೋಗಿಬಿಡುತ್ತಿತ್ತು. ತೂಕ ನೋಡುತ್ತಾ ಒಂದೊಂದೇ ನಾಜಲ್ ಮತ್ತೆ ಹೊಂದಿಸುವುದರಲ್ಲಿ ಆ ಪಾಳಿ ಕಳೆಯಿತು.

ಅಂದಿನಿಂದ ಬೆಲೆಗಳ ಬ್ಯಾಕಪ್ ಬೇರೆಯೇ ಕೆಲಸ ಅಂತ ಇಟ್ಟುಕೊಂಡಿದ್ದೇವೆ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಆದ ಟಿಯಾ ಪೋರ್ಟಲ್‌ನಲ್ಲಿ ಆನ್‌ಲೈನ್ ಹೋಗಿ ಆ ಬ್ಲಾಕ್‌ಗಳ ಸ್ನ್ಯಾಪ್‌ಶಾಟ್ ತೆಗೆಯುತ್ತೇವೆ. ಓಡುತ್ತಿರುವ ಬೆಲೆಗಳು `Snapshot` ಕಾಲಂಗೆ ಬರುತ್ತವೆ. ಅವನ್ನು ಪ್ರೊಸೆಸ್‌ನವರಿಗೆ ತೋರಿಸಿ, ಅವರು ಸರಿ ಅಂದ ಮೇಲೆ `Start value`ಗೆ ನಕಲು ಮಾಡಿ, ಲೈನ್ ನಿಂತಿರುವಾಗ ಡೌನ್‌ಲೋಡ್ ಮಾಡುತ್ತೇವೆ. ತೋರಿಸದೆ ಸುಮ್ನೆ ನಕಲು ಮಾಡಬಾರದು. ಯಾರೋ ಟ್ರಯಲ್‌ಗೆ ಹಾಕಿ ಮರೆತ ಬೆಲೆ ಕಾಯಂ ಆಗಿಬಿಡುತ್ತದೆ.

ಇದೇ ಬೆಲೆಗಳು ಹೋಗುವ ಇನ್ನೊಂದು ದಾರಿ ಇದೆ, ಅದು ಇನ್ನೂ ಜಾಸ್ತಿ ನಡೆಯುತ್ತದೆ. ಯಾರೋ ಡೇಟಾ ಬ್ಲಾಕ್‌ಗೆ ಒಂದು ಹೊಸ ಟ್ಯಾಗ್ ಸೇರಿಸುತ್ತಾರೆ. ಬ್ಲಾಕ್‌ನ ರಚನೆ ಬದಲಾದರೆ, ಮೊದಲೇ ಮೆಮೊರಿ ರಿಸರ್ವ್ ಇಟ್ಟು ಆ ಸೌಲಭ್ಯ ಆನ್ ಮಾಡಿರದಿದ್ದರೆ, ಡೌನ್‌ಲೋಡ್ ಹೊತ್ತಿಗೆ ಇಡೀ ಬ್ಲಾಕ್ ಶುರುವಿನ ಬೆಲೆಗೆ ಹೋಗುತ್ತದೆ. ಡೌನ್‌ಲೋಡ್‌ಗೆ ಮುಂಚೆ ಬರುವ ಕಿಟಕಿಯಲ್ಲಿ ಬ್ಲಾಕ್ ಮರುಪ್ರಾರಂಭ ಆಗುತ್ತದೆ ಅಂತ ಬರೆದೇ ಇರುತ್ತದೆ. ಅವಸರದಲ್ಲಿ ಅದನ್ನು ಓದುವವರು ಕಡಿಮೆ. ಹಾಗಾಗಿ ಡೌನ್‌ಲೋಡ್‌ಗೆ ಮೊದಲು ಸ್ನ್ಯಾಪ್‌ಶಾಟ್ ಅನ್ನುವುದು ನಮ್ಮಲ್ಲಿ ಕಡ್ಡಾಯ.

ಲಾಜಿಕ್ ಬದಲಾವಣೆ ಹಿಡಿಯಲು ಬೇರೆ ಉಪಾಯ ಇದೆ. `GetChecksum` ಅನ್ನುವ ಇನ್‌ಸ್ಟ್ರಕ್ಷನ್ ಪ್ರೋಗ್ರಾಂನ ಚೆಕ್‌ಸಮ್ ಕೊಡುತ್ತದೆ. ಎಲ್ಲ ಮೆಷಿನ್‌ಗಳ ಚೆಕ್‌ಸಮ್ ಒಂದೇ ಪರದೆಗೆ ತಂದಿದ್ದೇವೆ. ಯಾರಾದರೂ ಲ್ಯಾಪ್‌ಟಾಪ್ ಹಚ್ಚಿ ಒಂದು ಟೈಮರ್ ಬದಲಿಸಿ ಡೌನ್‌ಲೋಡ್ ಮಾಡಿದರೂ ಬೆಳಿಗ್ಗೆ ಆ ಅಂಕಿ ಬೇರೆ ಕಾಣುತ್ತದೆ. ಆಗ ಸರ್ವರ್‌ನ ಕಾಪಿಯನ್ನು ಮೆಷಿನ್ ಜೊತೆ ಆನ್‌ಲೈನ್ ಹೋಲಿಸಿ ಯಾವ ಬ್ಲಾಕ್ ಅಂತ ನೋಡುತ್ತೇವೆ. ಬದಲಾವಣೆ ಸರಿಯಿದ್ದರೆ ಸರ್ವರ್‌ಗೆ ತಂದು ಆರ್ಕೈವ್ ಮಾಡುತ್ತೇವೆ. ಆದರೆ ಆಪರೇಟರ್ ಸ್ಕ್ರೀನ್‌ನಲ್ಲಿ ತಿದ್ದಿದ ಬೆಲೆಗೆ ಚೆಕ್‌ಸಮ್ ಬದಲಾಗುವುದಿಲ್ಲ. ಹಾಗಾಗಿ ಇದು ಸ್ನ್ಯಾಪ್‌ಶಾಟ್‌ಗೆ ಬದಲಿ ಅಲ್ಲ.

ಆರ್ಕೈವ್‌ನ ಹೆಸರಲ್ಲಿ ಮೆಷಿನ್ ನಂಬರ್ ಮತ್ತು ತಾರೀಖು ಇರುತ್ತದೆ, "ಫೈನಲ್", "ನ್ಯೂ" ಅನ್ನುವ ಪದಗಳಿಗೆ ಜಾಗ ಇಲ್ಲ. ಜೊತೆಗೆ ಒಂದು ಸಾಲು: ಯಾರು, ಯಾವ ಬ್ಲಾಕ್, ಯಾಕೆ. ಒಂದೇ ತರಹದ ಎರಡು ಲೈನ್ ಇದ್ದರೂ ಫೋಲ್ಡರ್ ಬೇರೆ ಬೇರೆ. ಮೂರನೇ ಲೈನ್‌ನ ಸೆನ್ಸರ್ ಮುಂದಕ್ಕೆ ಸರಿಸಿದ್ದಾರೆ, ಅದಕ್ಕೆ ಅಲ್ಲಿನ ಡಿಲೇ ಬೇರೆ. ನಾಲ್ಕನೆಯದರ ಪ್ರೋಗ್ರಾಂ ಅಲ್ಲಿಗೆ ಹಾಕಿದರೆ ಕ್ಯಾಪ್ ಬಾಟಲಿಯ ಪಕ್ಕಕ್ಕೆ ಬೀಳುತ್ತದೆ.