ಅಳತೆ ಎಲ್ಲಿಂದ ಎಂದು ಬರೆಯದ ಚೀಟಿ

ಮನೆ ನವೀಕರಣದ ಕೆಲಸ ನೋಡಿಕೊಳ್ಳುವ ನಾನು, ಕೆಲವು ವರ್ಷಗಳ ಹಿಂದೆ ಮಡಿಕೇರಿ ಸಮೀಪದ ಒಂದು ಹಳೆಯ ಮನೆಯ ಮಲಗುವ ಕೋಣೆಗೆ ವೈರಿಂಗ್ ಮಾಡುವವರಿಗೆ ಕೊಟ್ಟ ಚೀಟಿಯಲ್ಲಿ "ಮಂಚದ ಪಕ್ಕದ ಸಾಕೆಟ್ ನೆಲದಿಂದ ಎರಡೂವರೆ ಅಡಿ" ಎಂದಷ್ಟೇ ಬರೆದಿದ್ದೆ. ಅವರು ಹಳೆಯ ಕೆಂಪು ನೆಲದಿಂದ ಅಳೆದು ಗೋಡೆ ಕೊರೆದರು. ಅದರ ಮೇಲೆ ಗಾರೆ ಮತ್ತು ಟೈಲ್ಸ್ ಸೇರಿ ನೆಲ ಎರಡು ಇಂಚು ಏರಿದಾಗ, ಸಾಕೆಟ್ಟಿನ ಕೆಳಭಾಗ ಮಂಚದ ಪಕ್ಕದ ಮೇಜಿನ ಹಲಗೆಯ ಮರೆಗೆ ಸರಿದು, ಚಾರ್ಜರ್ ಚುಚ್ಚಲು ಮೇಜನ್ನೇ ಎಳೆಯಬೇಕಾಯಿತು. ತಪ್ಪು ಅವರದಲ್ಲ, ನನ್ನದು.

ಈಚೆಗೆ ಹನ್ನೆರಡು ಅಡಿಗೆ ಹತ್ತು ಅಡಿಯ ಇನ್ನೊಂದು ಕೋಣೆಯಲ್ಲಿ ಮೊದಲು ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಟೈಲ್ಸ್ ಹಾಕಿದ ಮೇಲೆ ಆಗುವ ನೆಲದಿಂದ ಮೂರು ಅಡಿ ಎತ್ತರಕ್ಕೆ, ಅಂದರೆ ಹಳೆಯ ನೆಲದಿಂದ ಮೂರು ಅಡಿ ಎರಡು ಇಂಚಿಗೆ, ನಾಲ್ಕೂ ಗೋಡೆಗಳ ಮೇಲೆ ಗೆರೆ ಹಾಕಿಸಿದೆ. ಚೀಟಿಯ ಪ್ರತಿ ಎತ್ತರವನ್ನೂ ಈ ಗೆರೆಯಿಂದಲೇ ಹೇಳಿದೆ. ಅದು ಹೀಗಿತ್ತು:

"ಸ್ವಿಚ್ ಬೋರ್ಡು ಹಳೆಯ ಬಾಗಿಲಿನ ಚಿಲಕದ ಬದಿಗೆ, ಅದರ ಕೆಳ ಅಂಚು ಗೆರೆಯಿಂದ ಒಂದು ಅಡಿ ಮೇಲಿರಲಿ. ಹನ್ನೆರಡು ಅಡಿ ಗೋಡೆಯ ನಡುವೆ ಐದು ಅಡಿ ಅಗಲದ ಮಂಚ ಬರುತ್ತದೆ; ಅದರ ಎಡಬಲದ ಆರು ಆಂಪಿಯರ್ ಸಾಕೆಟ್‌ಗಳು ಎಡ ಮೂಲೆಯಿಂದ ಮೂರು ಮತ್ತು ಒಂಬತ್ತು ಅಡಿಗೆ, ಗೆರೆಯಿಂದ ಆರು ಇಂಚು ಕೆಳಗೆ ಇರಲಿ. ಬಲಬದಿಯಲ್ಲಿ ದೀಪಕ್ಕೆ ಎರಡನೆಯ ಟೂ-ವೇ ಸ್ವಿಚ್ ಬೇಕು. ಹೀಟರ್‌ಗೆ ಹದಿನಾರು ಆಂಪಿಯರ್ ಸಾಕೆಟ್ ಒಳಗೋಡೆಯಲ್ಲಿ, ಗೆರೆಯಿಂದ ಎರಡು ಅಡಿ ಕೆಳಗೆ, ನಾಲ್ಕು ಚದರ ಮಿಲಿಮೀಟರ್ ತಂತಿಯಲ್ಲಿ, ಪ್ರತ್ಯೇಕ ಬ್ರೇಕರ್‌ನಿಂದ ಬರಲಿ. ನೈಋತ್ಯದ ಹೊರಗೋಡೆಯಲ್ಲಿ ಯಾವ ಪಾಯಿಂಟೂ ಬೇಡ."

ಎರಡು ಸಾವಿರ ವಾಟಿನ ಹೀಟರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುವುದರಿಂದ ಆರು ಆಂಪಿಯರ್ ಸಾಕೆಟ್ಟು ಕಾದು ಕಪ್ಪಾಗುತ್ತದೆ. ನೈಋತ್ಯದ ಗೋಡೆಯ ಮಾತು ಕೊಡಗಿನ ಮಳೆಗಾಲ ಕಂಡವರಿಗೆ ವಿವರಿಸಬೇಕಿಲ್ಲ. ಜೂನ್‌ನಿಂದ ಆ ಗೋಡೆ ತೇವ ಹೀರುತ್ತಲೇ ಇರುತ್ತದೆ, ಒಳಗೆ ಹುದುಗಿಸಿದ ಪೆಟ್ಟಿಗೆಯ ತಿರುಪುಗಳು ತುಕ್ಕು ಹಿಡಿಯುತ್ತವೆ.

ಫ್ಯಾನಿನದು ಮಾತ್ರ ಕಾಗದದ ಮೇಲೆ ತೀರ್ಮಾನವಾಗಲಿಲ್ಲ. ಹಲಗೆ ಚಾವಣಿಯ ಆ ಕೋಣೆಯ ನಡುಮಧ್ಯ ಎರಡು ತೊಲೆಗಳ ನಡುವೆ ಬರುತ್ತಿತ್ತು. ಹಲಗೆ ಫ್ಯಾನಿನ ಭಾರವನ್ನೂ ಅದುರನ್ನೂ ತಾಳುವುದಿಲ್ಲವಾದ್ದರಿಂದ ಎಂಟು ಇಂಚು ಸರಿಸಿ ಕೊಕ್ಕೆಯನ್ನು ತೊಲೆಗೇ ಬಿಗಿಸಿದೆವು. ಚಾವಣಿ ಒಂಬತ್ತೂವರೆ ಅಡಿ ಎತ್ತರದಲ್ಲಿದ್ದು, ಒಂದಡಿ ಇಳಿಬಿಟ್ಟರೂ ರೆಕ್ಕೆಗಳು ನೆಲದಿಂದ ಎಂಟೂವರೆ ಅಡಿ ಮೇಲಿರುತ್ತವೆ. ರೆಕ್ಕೆಯ ನೆರಳು ಮಿನುಗದಂತೆ ದೀಪವನ್ನು ರೆಕ್ಕೆಗಳಿಗಿಂತ ಕೆಳಗೆ ಗೋಡೆಯಲ್ಲೇ ಇಟ್ಟೆ.

ಇಷ್ಟೆಲ್ಲ ಬರೆದ ಚೀಟಿಯನ್ನು ಓದಿ ವೈರಿಂಗ್ ಮಾಡುವವರು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಹೊಸ ಬಾಗಿಲು ಯಾವ ಕಡೆಗೆ ತೆರೆಯುತ್ತದೆ?" ಬಡಗಿಯವರು ಕೀಲಿನ ಬದಿ ಬದಲಿಸಿದ್ದರು, ಬೋರ್ಡು ನಾನು ಬರೆದಲ್ಲೇ ಬಂದಿದ್ದರೆ ತೆರೆದ ಬಾಗಿಲಿನ ಹಿಂದೆ ಅಡಗುತ್ತಿತ್ತು. ಅದನ್ನು ಚಿಲಕದ ಬದಿಗೆ, ಚೌಕಟ್ಟಿನಿಂದ ಆರು ಇಂಚು ಆಚೆಗೆ ತಿದ್ದಿ, ಚೀಟಿಯನ್ನು ಮರಳಿ ಕೊಟ್ಟೆ.