ಕೊಂಡಲ್ಲಿಯೇ ಬಿಡಿಸಿಕೊಳ್ಳಬೇಕು

ಅಪ್ಪ ಯೋಗ ಕಲಿಸುವ ಆ್ಯಪ್ ಒಂದಕ್ಕೆ ತಿಂಗಳಿಗೆ 199 ರೂಪಾಯಿಯ ಚಂದಾದಾರರಾಗಿದ್ದರು. ಕಳೆದ ಗುರುವಾರ ಅದು ಬೇಡವೆನ್ನಿಸಿ, ಆ ಕಂಪನಿಯ ಜಾಲತಾಣಕ್ಕೆ ಹೋಗಿ ಹುಡುಕಿದರೆ ರದ್ದುಪಡಿಸುವ ಗುಂಡಿಯೇ ಇರಲಿಲ್ಲ. ಶನಿವಾರ ಚಂದಾ ನವೀಕರಣವಾಗುತ್ತದೆ, ಪಾವತಿ ಆ್ಯಪಲ್ ಮೂಲಕ ನಡೆಯುತ್ತದೆ ಎಂಬ ಸಾಲು ಮಾತ್ರ ಇತ್ತು.

ಕಂಪನಿಯ ಸಹಾಯವಾಣಿಯ ಹುಡುಗಿ ವಿನಯದಿಂದಲೇ ಹೇಳಿದಳು: "ಸರ್, ನಿಮ್ಮ ಕಾರ್ಡ್ ನಮ್ಮ ಹತ್ತಿರ ಇಲ್ಲ. ನಮಗೆ ನಿಲ್ಲಿಸಲು ಬರುವುದಿಲ್ಲ." ಅಪ್ಪ ಇದನ್ನು ನುಣುಚಿಕೊಳ್ಳುವ ಮಾತೆಂದೇ ತಿಳಿದು ಸಂಜೆಯವರೆಗೂ ಗೊಣಗಿದರು. ದುಡ್ಡು ತೆಗೆದುಕೊಳ್ಳಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲವೇ ಎಂಬುದು ಅವರ ವಾದ. ಆದರೆ ಅವಳು ಹೇಳಿದ್ದು ಅಕ್ಷರಶಃ ನಿಜ.

ಐಫೋನಿನ ಆ್ಯಪ್ ಸ್ಟೋರ್‌ನಲ್ಲಿ ಚಂದಾ ಕೊಂಡಾಗ ಹಣ ಕಡಿತಕ್ಕೆ ನಾವು ಒಪ್ಪಿಗೆ ಕೊಡುವುದು ಆ್ಯಪಲ್‌ಗೆ, ಆ್ಯಪ್ ತಯಾರಿಸಿದವರಿಗಲ್ಲ. ಆ್ಯಪಲ್ ತನ್ನ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಅವರಿಗೆ ಕಳುಹಿಸುತ್ತದೆ. ಅವರಿಗೆ ಸಿಗುವುದು ಒಂದು ವಹಿವಾಟಿನ ಸಂಖ್ಯೆ, ಚಂದಾ ಜಾರಿಯಲ್ಲಿದೆಯೇ, ಎಂದು ಮುಗಿಯುತ್ತದೆ ಎಂಬಂಥ ವಿವರಗಳೇ ಹೊರತು ಕಾರ್ಡಿನ ಸಂಖ್ಯೆಯಲ್ಲ. ಗ್ರಾಹಕರ ಪರವಾಗಿ ಆ ಚಂದಾವನ್ನು ರದ್ದುಪಡಿಸುವ ದಾರಿಯನ್ನೂ ಆ್ಯಪಲ್ ಅವರಿಗೆ ಕೊಟ್ಟಿಲ್ಲ. ಏಜೆಂಟನ ಬಳಿ ಪತ್ರಿಕೆ ಹಾಕಿಸಿಕೊಂಡು, ಬೇಡವೆಂದು ಸಂಪಾದಕರಿಗೆ ಕಾಗದ ಬರೆದರೆ ಮರುದಿನವೂ ಪತ್ರಿಕೆ ಬಾಗಿಲಿಗೆ ಬೀಳುತ್ತದಲ್ಲ, ಹಾಗೆ. ಆ್ಯಪನ್ನು ಫೋನಿನಿಂದ ಅಳಿಸಿದರೂ ಅಷ್ಟೇ. ಅಪ್ಪ ಅದನ್ನೂ ಆಗಲೇ ಮಾಡಿ ಮುಗಿಸಿದ್ದರು. ಆದರೂ ಇಷ್ಟನ್ನು ಆ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಲು ಕಂಪನಿಗೆ ಏನು ಕಷ್ಟವಿತ್ತೋ ತಿಳಿಯದು.

ಅಪ್ಪನ ಫೋನಿನಲ್ಲಿ Settings ತೆರೆದು, ಮೇಲಿರುವ ಹೆಸರನ್ನು ಒತ್ತಿ, Subscriptions ನೋಡಿದೆ. ಪಟ್ಟಿ ಖಾಲಿ! ನವೀಕರಣಕ್ಕೆ ಕನಿಷ್ಠ 24 ಗಂಟೆ ಮೊದಲೇ ರದ್ದುಪಡಿಸುವುದು ಕ್ಷೇಮ, ಏಕೆಂದರೆ ಕೊನೆಯ ದಿನದೊಳಗೆ ಯಾವಾಗ ಬೇಕಾದರೂ ಹಣ ಕಡಿತವಾಗಬಹುದು. ನಮ್ಮ ಕೈಯಲ್ಲಿ ಇದ್ದದ್ದು ಆ ಒಂದು ರಾತ್ರಿ.

ಅಪ್ಪನ ಬ್ಯಾಂಕ್ ವಿವರಪಟ್ಟಿಯಲ್ಲಿ ಆ 199 ರೂಪಾಯಿಯ ಸುಳಿವೇ ಇಲ್ಲದ್ದನ್ನು ಕಂಡಾಗ ಅನುಮಾನ ಬಂತು. ಫೋನನ್ನು ಅವರಿಗೆ ಸಿದ್ಧಪಡಿಸಿ ಕೊಟ್ಟವಳು ಅಕ್ಕ. ಫೋನಿನ ಮೇಲ್ಗಡೆ ಅಪ್ಪನ ಹೆಸರಿದ್ದರೂ ಆ್ಯಪ್ ಸ್ಟೋರ್‌ನ ಖರೀದಿಗೆ ಅವಳದೇ ಖಾತೆ ಉಳಿದುಬಿಟ್ಟಿತ್ತು. ಯಾವ ಖಾತೆಯಲ್ಲಿ ಕೊಂಡದ್ದೋ ಆ ಖಾತೆಯ ಪಟ್ಟಿಯಲ್ಲಿ ಮಾತ್ರ ಚಂದಾ ಕಾಣುತ್ತದೆ.

ಮೈಸೂರಿನಲ್ಲಿರುವ ಅಕ್ಕನಿಗೆ ರಾತ್ರಿಯೇ ಫೋನ್ ಮಾಡಿದೆ. ಅವಳು ತನ್ನ ಫೋನಿನಲ್ಲಿ ಅದೇ ದಾರಿ ಹಿಡಿದಾಗ ಯೋಗದ ಆ್ಯಪ್ ಸಿಕ್ಕಿತು. Cancel Subscription ಒತ್ತಿದಳು, ಅರ್ಧ ನಿಮಿಷದ ಕೆಲಸ. ಅವಳ ಬ್ಯಾಂಕ್ ವಿವರಪಟ್ಟಿಯಲ್ಲಿ ಆ್ಯಪಲ್ ಹೆಸರಿನಲ್ಲಿ ಮಕ್ಕಳ ಪಾಠದ ಆ್ಯಪ್, ಫೋಟೊ ಇಡುವ ಜಾಗದ ಬಾಡಿಗೆ ಎಲ್ಲವೂ ಬರುತ್ತಿದ್ದುದರಿಂದ, ಇದೂ ಅವುಗಳಲ್ಲಿ ಒಂದೆಂದು ಹದಿನಾಲ್ಕು ತಿಂಗಳು ಕಟ್ಟಿದ್ದಳು.

ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ನನ್ನ ಕಾರ್ಡ್ ಯಾರ ಹತ್ತಿರವೂ ಇರಲಿಲ್ಲ," ಎಂದರು.