ಸಮ್ ತಪ್ಪಿದ್ದು ಯಾರಿಗೆ?

ರಾಯಚೂರಿನಲ್ಲಿ ಶನಿವಾರ ಬೆಳಿಗ್ಗೆ ಆರೂವರೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ ಆರು. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ ಐದು. ಸಿಂಧನೂರಿನ ಹಿರಿಯರೊಬ್ಬರ ಒಂಬತ್ತು ವರ್ಷದ ಮೊಮ್ಮಗಳು ಆ ಹೊತ್ತಿಗೆ ಶಾಲೆ ಮುಗಿಸಿ, ಲ್ಯಾಪ್‌ಟಾಪ್ ಮುಂದೆ ಕುಳಿತು ನನ್ನ ಬಳಿ ಹಿಂದೂಸ್ತಾನಿ ಗಾಯನ ಕಲಿಯುತ್ತಾಳೆ. ಆ ಮಗುವಿಗೆ ನಾನು ಎಂಟು ತಿಂಗಳು ತಾಳವನ್ನು ತಪ್ಪಾಗಿ ಕಲಿಸಿದೆ. ಅದೂ ಬೈದು ಬೈದು.

ಅಲಂಕಾರಗಳು ಮುಗಿದು ರಾಗ ಭೂಪದ ಬಂದಿಶ್‌ಗೆ, ಎಂದರೆ ಆ ರಾಗದಲ್ಲಿ ಕಟ್ಟಿದ ಹಾಡಿಗೆ, ಬಂದಿದ್ದೆವು. ಮಧ್ಯಲಯದ ತೀನ್‌ತಾಲ, ಒಂದು ಆವರ್ತನಕ್ಕೆ ಹದಿನಾರು ಎಣಿಕೆ, ಎಂದರೆ ಹದಿನಾರು ಮಾತ್ರೆ, ಹಾಡು ಎತ್ತಿಕೊಳ್ಳುವುದು ಒಂಬತ್ತನೆಯ ಮಾತ್ರೆಯಿಂದ. ನಾನು ಇಲ್ಲಿ ಕೈಯಲ್ಲಿ ತಾಳ ಹಾಕುತ್ತಿದ್ದೆ, ಅವಳು ಅಲ್ಲಿ ಹಾಡುತ್ತಿದ್ದಳು. ಆವರ್ತನದ ಮೊದಲ ಮಾತ್ರೆಯೇ ಸಮ್. ಪ್ರತಿಸಲವೂ ಅವಳ ಸಮ್ ನನ್ನ ಎರಡನೆಯ ಮಾತ್ರೆಯ ಮೇಲೆ ಬೀಳುತ್ತಿತ್ತು. "ಹಿಂದೆ ಬಿದ್ದೆಯಮ್ಮಾ, ಬೇಗ ಎತ್ತಿಕೋ" ಎಂದು ಹೇಳಿ ಹೇಳಿ ಸರಿ ಮಾಡಿಸಿದೆ. ಕೊನೆಗೆ ಸಮ್ ಸರಿಯಾಗಿ ಕೂತಿತು. ಅಂದರೆ, ನನ್ನ ಕಿವಿಗೆ ಕೂತಿತು.

ಬೇಸಿಗೆ ರಜೆಗೆ ಅವಳು ಊರಿಗೆ ಬಂದಳು. ಗಾಯಕ ಪಂಡಿತ್ ಸಿದ್ಧರಾಮ ಜಂಬಲದಿನ್ನಿ ಅವರ ಸೀಮೆಯಲ್ಲಿ ತಬಲಾ ಸಾಥ್‌ಗೆ ಜನ ಸಿಗುವುದು ಕಷ್ಟವಲ್ಲ. ಗೆಳೆಯರೊಬ್ಬರು ತಬಲಾದಲ್ಲಿ ತಾಳದ ನಡೆಯಾದ ಠೇಕಾ ಹಿಡಿದರು. ಹುಡುಗಿ ಎಂಟನೆಯ ಮಾತ್ರೆಗೇ ಹಾಡು ಎತ್ತಿಕೊಂಡಳು. ಮತ್ತೆ ಹಾಡಿಸಿದೆ, ಮತ್ತೆ ಎಂಟಕ್ಕೇ. ಗೆಳೆಯರು ನನ್ನ ಮುಖ ನೋಡಿದರು. ಅವಳೂ ನನ್ನ ಮುಖ ನೋಡಿದಳು: "ಸರ್, ನೀವು ಹೇಳಿದ ಹಾಗೆಯೇ ಹಾಡಿದೆ."

ಆ ರಾತ್ರಿ ಅವಳ ತಾಯಿಯ ಮೊಬೈಲ್‌ನಲ್ಲಿ ಹಳೆಯ ಪಾಠವೊಂದರ ಧ್ವನಿಮುದ್ರಣ ಸಿಕ್ಕಿತು. ಅಜ್ಜನಿಗೆ ಕಳಿಸಲೆಂದು ಅಲ್ಲಿ ಮಗು ಹಾಡುವ ಕೋಣೆಯಲ್ಲೇ ಮಾಡಿಟ್ಟುಕೊಂಡದ್ದು, ನಾನು ಬೈಯುತ್ತಿದ್ದ ದಿನಗಳದು. ಅದರಲ್ಲಿ ಲ್ಯಾಪ್‌ಟಾಪಿನಿಂದ ಬರುವ ನನ್ನ ಚಪ್ಪಾಳೆಯ ಮೇಲೆ ಅವಳ ಸಮ್ ಕೂದಲೆಳೆಯಷ್ಟೂ ತಪ್ಪದೆ ಬೀಳುತ್ತಿತ್ತು. ನನ್ನ ಚಪ್ಪಾಳೆ ಅಲ್ಲಿಗೆ ಮುಟ್ಟಲು ಒಂದಿಷ್ಟು ಹೊತ್ತು, ಅವಳ ದನಿ ಇಲ್ಲಿಗೆ ಮರಳಲು ಇನ್ನೊಂದಿಷ್ಟು. ಎರಡೂ ಸೇರಿ ನಮ್ಮ ನಡುವೆ ಸುಮಾರು ಅರ್ಧ ಸೆಕೆಂಡ್ ಆಗುತ್ತಿತ್ತು. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಮಾತ್ರೆ ಎಂದರೆ ಅದೇ ಅರ್ಧ ಸೆಕೆಂಡ್. ದಾರಿಯ ವಿಳಂಬವನ್ನು ನಾನು ಮಗುವಿನ ಲೆಕ್ಕಕ್ಕೆ ಬರೆದಿದ್ದೆ.

ಮಗು ನಿಜವಾಗಿಯೂ ಹಿಂದೆ ಬೀಳುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಈಗ ಲಯ ಬದಲಿಸಿ ನೋಡುತ್ತೇನೆ. ನಿಮಿಷಕ್ಕೆ 60 ಮಾತ್ರೆಗೆ ಇಳಿಸಿದರೆ ದಾರಿಯ ವಿಳಂಬ ಅರ್ಧ ಮಾತ್ರೆಯಾಗಿಬಿಡುತ್ತದೆ, ಏಕೆಂದರೆ ಅದು ಸೆಕೆಂಡಿನ ಲೆಕ್ಕದ್ದು. ಎಣಿಕೆ ತಪ್ಪಿದ ಮಗು ಮಾತ್ರ ಯಾವ ಲಯದಲ್ಲೂ ಇಡೀ ಮಾತ್ರೆಯೇ ತಪ್ಪುತ್ತದೆ. ಇನ್ನು ಲಯ ಜಗ್ಗುವ ಮಗುವಿನ ಅಂತರ ಆವರ್ತನದಿಂದ ಆವರ್ತನಕ್ಕೆ ಬೆಳೆಯುತ್ತಾ ಹೋಗುತ್ತದೆ. ದಾರಿಯದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಹೀಗೆ ಪರೀಕ್ಷಿಸುವಾಗ ಬಿಟ್ಟರೆ ತಾಳವನ್ನು ಈಗ ನಾನು ಇಲ್ಲಿಂದ ಕೊಡುವುದಿಲ್ಲ. ಮಗುವಿನ ಪಕ್ಕದಲ್ಲೇ ಇನ್ನೊಂದು ಮೊಬೈಲ್‌ನಲ್ಲಿ ತಂಬೂರಿ ಮತ್ತು ಠೇಕಾ ನುಡಿಯುತ್ತವೆ, ನಾನು ನನ್ನ ಮೈಕ್ ಮುಚ್ಚಿ ಕೇಳುತ್ತೇನೆ. ಠೇಕಾ ಮತ್ತು ದನಿ ಒಟ್ಟಿಗೆ ಹೊರಟು ಒಟ್ಟಿಗೆ ತಡವಾಗಿ ಬರುವುದರಿಂದ ಅವೆರಡರ ಸಂಬಂಧ ಕೆಡುವುದಿಲ್ಲ. ಮೊದಲ ದಿನ ಇದೂ ಕೈಕೊಟ್ಟಿತು: ಮಗುವಿನ ದನಿ ಮಾತ್ರ ಬರುತ್ತಿತ್ತು, ತಂಬೂರಿಯೇ ಇಲ್ಲ. ಮಾತಿಗಾಗಿ ಮಾಡಿದ ಈ ತಂತ್ರಾಂಶಕ್ಕೆ ಎಡೆಬಿಡದ ತಂಬೂರಿ ಫ್ಯಾನಿನ ಸದ್ದಿದ್ದ ಹಾಗೆ, ಸೋಸಿ ಎಸೆಯುತ್ತದೆ. ಝೂಮ್‌ನಲ್ಲಿ `Original sound for musicians` ಎಂಬುದನ್ನು ಆ ಕಡೆ ಆನ್ ಮಾಡಿಸಬೇಕು. ಆಗ ನನ್ನ ದನಿ ಅವರ ಸ್ಪೀಕರಿನಿಂದ ಮೈಕಿಗೆ ಹೊಕ್ಕು ಪ್ರತಿಧ್ವನಿಸುತ್ತದೆ, ಆದ್ದರಿಂದ ಒಂದು ಕಿವಿಗೆ ತಂತಿಯ ಇಯರ್‌ಫೋನ್. ಬ್ಲೂಟೂತ್ ಬೇಡ, ಅದು ತನ್ನದೂ ಒಂದಿಷ್ಟು ವಿಳಂಬ ಸೇರಿಸುತ್ತದೆ. ನಾನು ಹಾಡಿ ತೋರಿಸುವಾಗ ನನ್ನ ಕಡೆಯೂ ಅದನ್ನೇ ಆನ್ ಮಾಡಬೇಕಾದ್ದರಿಂದ ಫ್ಯಾನ್ ಆರಿಸಬೇಕು. ಮೇ ತಿಂಗಳ ರಾಯಚೂರಿನಲ್ಲಿ ಇದೇನೆಂದು ಬಲ್ಲವರೇ ಬಲ್ಲರು.

ಇಷ್ಟಾದರೂ ಜೊತೆಯಲ್ಲಿ ಹಾಡುವುದು ಸಾಧ್ಯವಿಲ್ಲ. ಗುರುವಿನ ದನಿಯೊಳಗೆ ದನಿ ಸೇರಿಸಿ ಗಾಂಧಾರದ ನಿಲುವು ಹಿಡಿಯುವ ಪಾಠವನ್ನು ನಾನು ಹೀಗೆ ಕೊಡಲಾರೆ, ಅದನ್ನು ಪಾಲಕರಿಗೆ ಮೊದಲೇ ಹೇಳುತ್ತೇನೆ. ವಾರಕ್ಕೊಮ್ಮೆ ಎರಡು ನಿಮಿಷದ ಹಾಡನ್ನು ಕೋಣೆಯಲ್ಲೇ ಮುದ್ರಿಸಿ ಕಳಿಸಲು ಹೇಳುತ್ತೇನೆ.

ಹಳೆಯ ತಪ್ಪು ಬಿಡಿಸಲು ಹಾಡು ನಿಲ್ಲಿಸಿ, ಒಂದು, ಐದು, ಹದಿಮೂರಕ್ಕೆ ತಾಳಿ ಎಂಬ ಚಪ್ಪಾಳೆ, ಒಂಬತ್ತಕ್ಕೆ ಖಾಲಿ ಎಂಬ ಬರಿಗೈ ಬೀಸು ಎಂದು ಬರೀ ಕೈತಾಳದಲ್ಲೇ ಆರು ವಾರ ಕಳೆದೆವು. ಈಗ ನಾನು "ತಡವಾಯಿತಲ್ಲಮ್ಮಾ" ಎಂದರೆ ಹುಡುಗಿ ಕೂಡಲೇ ಕೇಳುತ್ತಾಳೆ: "ಸರ್, ನಿಮ್ಮಲ್ಲೋ, ನನ್ನಲ್ಲೋ?"